21 ದಿನದ ಗಡುವು, ಪರದೆ ಪೂರ್ತಿ ಹಸಿರು, ಆದರೂ ಅದೇ ಜನ ಮತ್ತೆ ಮತ್ತೆ ಬರ್ತಾರೆ. ತಪ್ಪು ಸಾಹೇಬರದಾ, ಸಿಬ್ಬಂದಿಯದಾ?

ಹೊಸಶಾಖೆ
ಪರವಾನಗಿ ಕೊಡುವ ಒಂದು ಸರ್ಕಾರಿ ಕಚೇರಿಯಲ್ಲಿ ಶಾಖೆಯೊಂದನ್ನು ನೋಡ್ಕೊಳ್ತೀನಿ. ಯಾವ ಇಲಾಖೆ, ಯಾವ ಊರು ಅಂತ ದಯವಿಟ್ಟು ಕೇಳ್ಬೇಡಿ.

ಕಳೆದ ವರ್ಷ ಹೊಸ ಮುಖ್ಯಸ್ಥರು ಬಂದ್ರು. ಪ್ರಾಮಾಣಿಕರು, ಚುರುಕು, ಕೆಲಸ ಆಗ್ಬೇಕು ಅನ್ನೋ ಹಟ ಇರುವವರು. ಪ್ರತಿ ಅರ್ಜಿ 21 ದಿನದೊಳಗೆ ವಿಲೇವಾರಿ ಆಗ್ಬೇಕು ಅಂತ ಆದೇಶ ಮಾಡಿದ್ರು. ಗಡುವು ಮೀರಿದ್ದು ಕಂಪ್ಯೂಟರ್ ಪರದೆ ಮೇಲೆ ಕೆಂಪಾಗುತ್ತೆ. ಸೋಮವಾರದ ಪರಿಶೀಲನಾ ಸಭೆಯಲ್ಲಿ ಕೆಂಪು ಇರುವ ಶಾಖೆಯವರು ಎಲ್ಲರ ಮುಂದೆ ಎದ್ದು ನಿಂತು ಉತ್ತರ ಕೊಡ್ಬೇಕು. ಕೆಲವೇ ತಿಂಗಳಲ್ಲಿ ಬಾಕಿ ಹೆಚ್ಚುಕಡಿಮೆ ಸೊನ್ನೆಗೆ ಇಳೀತು. ಮೇಲಿನವರಿಂದ ಮೆಚ್ಚುಗೆ ಪತ್ರವೂ ಬಂತು.

ಆದರೆ ಕೌಂಟರ್ ಮುಂದಿನ ಸಾಲು ಕರಗಿಲ್ಲ. ನಿಂತಿರೋರೂ ಬಹುಪಾಲು ಹಳಬರೇ. ಕಡತ ತೆಗೆದು ನೋಡಿದ್ರೆ ‘ಸ್ಪಷ್ಟೀಕರಣಕ್ಕಾಗಿ ಹಿಂದಿರುಗಿಸಿದೆ’ ಅನ್ನೋ ಟಿಪ್ಪಣಿ, ಅದೂ ಬಹಳಷ್ಟರಲ್ಲಿ ಹತ್ತೊಂಬತ್ತನೇ ದಿನವೋ ಇಪ್ಪತ್ತನೇ ದಿನವೋ ಬರೆದದ್ದು. ಹಿಂದಿರುಗಿಸಿದ್ದೂ ‘ವಿಲೇವಾರಿ’ ಲೆಕ್ಕಕ್ಕೇ ಸೇರುತ್ತೆ. ನಮ್ಮ ಶಾಖೆಯವರು ಕಳ್ಳರಲ್ಲ, ಸೋಮಾರಿಗಳೂ ಅಲ್ಲ. ಸಾಹೇಬರೂ ಕೆಟ್ಟವರಲ್ಲ. ಮತ್ತೆ ಯಾಕೆ ಹೀಗಾಗ್ತಿದೆ? ಇದನ್ನ ಸಾಹೇಬರಿಗೆ ಹೇಳೋದು ಹೇಗೆ?

ಗಟ್ಟಿಮಾತು
ಕಳ್ಳರಲ್ಲ, ಸೋಮಾರಿಗಳಲ್ಲ ಅಂತ ನೀವೇ ಸರ್ಟಿಫಿಕೇಟ್ ಕೊಟ್ಕೊಂಡ್ರೆ ಆಯ್ತಾ? ಇಪ್ಪತ್ತು ದಿನ ಕಡತದ ಮೇಲೆ ಕೂತು ಕೊನೇ ದಿನ ವಾಪಸ್ ಕಳಿಸೋದಕ್ಕೆ ಬೇರೆ ಹೆಸರೇನಿದೆ? ನಾಲ್ಕು ಜನರನ್ನ ಅಮಾನತು ಮಾಡಿ ನೋಡಿ, ಐದನೆಯವನು ತಾನೇ ಸರಿ ಹೋಗ್ತಾನೆ.

ಕಿಟಕಿಮೂರು
@ಗಟ್ಟಿಮಾತು ಆ ಐದನೆಯವನು ನಾನೇ ಅಂತ ಇಟ್ಕೊಳ್ಳಿ. ಇಂಥದ್ದೇ ಇನ್ನೊಂದು ಕಚೇರಿಯಲ್ಲಿ ಕೇಸ್ ವರ್ಕರ್ ನಾನು. ನಾಲ್ಕು ಜನ ಅಮಾನತಾದ ಮಾರನೇ ದಿನ ನಾನೇನು ಮಾಡ್ತೀನಿ ಗೊತ್ತಾ? ಹತ್ತೊಂಬತ್ತನೇ ದಿನ ವಾಪಸ್ ಕಳಿಸ್ತಿದ್ದದ್ದನ್ನ ಮೂರನೇ ದಿನವೇ ಕಳಿಸ್ತೀನಿ. ಪರದೆ ಇನ್ನೂ ಹಸಿರಾಗುತ್ತೆ. ನಿಮಗೆ ಸಂತೋಷ ತಾನೇ?

ಡೇಟಾಗಿರಿ
ಇದು ಮನುಷ್ಯರ ಸಮಸ್ಯೆಯೇ ಅಲ್ಲ, ತಂತ್ರಾಂಶ ಬರೆದವರ ತಪ್ಪು. ‘ಹಿಂದಿರುಗಿಸಿದೆ’ ಅನ್ನೋದನ್ನ ವಿಲೇವಾರಿ ಪಟ್ಟಿಯಿಂದ ತೆಗೀರಿ. ಆಕ್ಷೇಪಣೆ ಎತ್ತಲು ಒಂದೇ ಸಲ ಅವಕಾಶ ಕೊಡಿ, ಎರಡನೇ ಸಲ ಬಟನ್ನೇ ಕಾಣಬಾರದು. ಎರಡು ದಿನದ ಕೆಲಸ. ಇದಕ್ಕೆ ನಾಯಕತ್ವ, ಸಂಸ್ಕೃತಿ ಅಂತ ಚರ್ಚೆ ಯಾಕೆ ಬೇಕೋ ಗೊತ್ತಾಗ್ತಿಲ್ಲ.

ಪಿಂಚಣಿಅಲೆದಾಟ
ಸರಿಯಾದ ವಿಷಯ ಎತ್ತಿದ್ದೀರಿ. ನನ್ನ ಪಿಂಚಣಿ ಕಡತ ಹೀಗೇ ಓಡಾಡ್ತಿದೆ. ಒಮ್ಮೆ ಸೇವಾ ಪುಸ್ತಕದಲ್ಲಿ ಸಹಿ ಇಲ್ಲ ಅಂದ್ರು, ಆಮೇಲೆ ಹುಟ್ಟಿದ ದಿನಾಂಕದ ದೃಢೀಕರಣ ಬೇಕು ಅಂದ್ರು. ಯಾವ ನಮೂನೆಯಲ್ಲಿ ಮೇಲ್ಮನವಿ ಹಾಕಬೇಕು, ಯಾರಾದ್ರೂ ಹೇಳ್ತೀರಾ?

ನಿರ್ವಾಹಕ
@ಪಿಂಚಣಿಅಲೆದಾಟ ಪಿಂಚಣಿ ಪ್ರಶ್ನೆಗಳಿಗೆ ಬೇರೆ ವಿಭಾಗ ಇದೆ, ದಯವಿಟ್ಟು ಅಲ್ಲಿ ಕೇಳಿ. ಇಲ್ಲಿ ಮೂಲ ಪ್ರಶ್ನೆಗೆ ಅಂಟಿಕೊಳ್ಳಿ.

ನೀಲಿಶಾಯಿ
ಸೇವೆಯ ಬಹುಪಾಲು ಆಡಳಿತ ಸುಧಾರಣೆ ಅನ್ನೋ ಹೆಸರಿನ ಶಾಖೆಗಳಲ್ಲೇ ಕಳೆದವನು ನಾನು, ಈಗ ನಿವೃತ್ತ. @ಹೊಸಶಾಖೆ ಮೊದಲು ಲೆಕ್ಕ ನೋಡೋಣ, ಬೈಗುಳ ಆಮೇಲೆ.

ಒಬ್ಬ ಅರ್ಜಿದಾರ ಇದ್ದಾನೆ ಅಂತ ಊಹಿಸಿಕೊಳ್ಳಿ. ಅವನ ಅರ್ಜಿಯನ್ನು 20ನೇ ದಿನ ಹಿಂದಿರುಗಿಸಿದ್ರಿ. ಅವನು ಕಾಗದ ಹೊಂದಿಸಿಕೊಂಡು ಮತ್ತೆ ಸಲ್ಲಿಸೋಕೆ 10 ದಿನ. ಹೊಸ ಸಂಖ್ಯೆ ಬಿತ್ತು, ಗಡಿಯಾರ ಸೊನ್ನೆಯಿಂದ ಶುರು. ಮತ್ತೆ 20ನೇ ದಿನ ಹಿಂದಿರುಗಿಸಿದ್ರಿ, ಮತ್ತೆ 10 ದಿನ. ಮೂರನೇ ಸಲ 20ನೇ ದಿನ ಮಂಜೂರು. ಅವನ ಪಾಲಿಗೆ ಆಗಿದ್ದು 80 ದಿನ. ಪರದೆಯ ಪ್ರಕಾರ ಮೂರು ಅರ್ಜಿ, ಮೂರೂ ಗಡುವಿನೊಳಗೆ ವಿಲೇವಾರಿ, ಸರಾಸರಿ 20 ದಿನ. ಇಲ್ಲಿ ಯಾರೂ ಸುಳ್ಳು ಬರೆದಿಲ್ಲ ಅನ್ನೋದನ್ನ ಗಮನಿಸಿ. ಪ್ರತಿ ನಮೂದೂ ನಿಜ.

ನಿಮ್ಮಲ್ಲಿ ಇದೇ ನಡೀತಿದೆಯಾ ಅಂತ ತಿಳಿಯೋದು ಸುಲಭ. ಯಾವ ಯಾವ ದಿನ ಎಷ್ಟೆಷ್ಟು ಅರ್ಜಿ ವಿಲೇವಾರಿ ಆಗಿದೆ ಅಂತ ಪಟ್ಟಿ ತೆಗೀರಿ. ಕೆಲಸ ಅದರ ಪಾಡಿಗೆ ನಡೀತಿದ್ರೆ ಸುಲಭದ್ದು ಬೇಗ, ಕಷ್ಟದ್ದು ತಡವಾಗಿ ಮುಗಿದು ಸಂಖ್ಯೆ ಎಲ್ಲ ದಿನಗಳಿಗೂ ಹರಡಿಕೊಂಡಿರುತ್ತೆ. ಗಡುವಿಗೆ ಹೆದರಿ ನಡೀತಿದ್ರೆ ಕೊನೇ ಎರಡು ದಿನದಲ್ಲಿ ದೊಡ್ಡ ಗುಡ್ಡೆ ಬಿದ್ದಿರುತ್ತೆ. ಆಮೇಲೆ ಎರಡನೇ ಸಲ ಎತ್ತಿದ ಆಕ್ಷೇಪಣೆಗಳನ್ನ ಓದಿ. ಅದು ಮೊದಲ ಸಲವೇ ಕಣ್ಣಿಗೆ ಬೀಳಬಹುದಾಗಿದ್ದ ಸಂಗತಿಯಾಗಿದ್ರೆ ಆ ಆಕ್ಷೇಪಣೆ ಅರ್ಜಿಯಲ್ಲಿನ ಕೊರತೆಯಿಂದ ಹುಟ್ಟಿದ್ದಲ್ಲ, ಗಡಿಯಾರದಿಂದ ಹುಟ್ಟಿದ್ದು.

ಯಾಕೆ ಹೀಗಾಗುತ್ತೆ ಅನ್ನೋದು ಉದ್ದದ ಕತೆ. ಕೈ ನೋಯ್ತಿದೆ, ಸಂಜೆ ಬರೀತೀನಿ.

ಕಿಟಕಿಮೂರು
ಅಲ್ಲಿವರೆಗೆ ನಮ್ಮ ಕಡೆಯ ಕತೆ ಕೇಳಿ.

ನನ್ನ ಜತೆಗಿದ್ದ ಹಿರಿಯರೊಬ್ಬರು ಅರ್ಜಿಯೊಂದನ್ನ ಮಂಜೂರಿಗೆ ಶಿಫಾರಸು ಮಾಡಿದ್ರು. ಒಂದು ದಾಖಲೆಯ ಮೂಲ ಪ್ರತಿ ಇರಲಿಲ್ಲ, ನಕಲು ಇತ್ತು. ಅರ್ಜಿದಾರಳು ನಿಜವಾಗಿಯೂ ಅರ್ಹಳು, ಅದರಲ್ಲಿ ಇವತ್ತಿಗೂ ಯಾರಿಗೂ ಅನುಮಾನ ಇಲ್ಲ. ಎಷ್ಟೋ ವರ್ಷ ಆದ್ಮೇಲೆ ಆಡಿಟ್ ಆಕ್ಷೇಪಣೆ ಬಂತು. ಸಹಿ ಮಾಡಿದ ಅಧಿಕಾರಿ ಅಷ್ಟರಲ್ಲಿ ಎರಡು ಬಡ್ತಿ ಮುಗಿಸಿ ಬೇರೆ ಕಡೆ ಇದ್ರು. ಟಿಪ್ಪಣಿ ಬರೆದ ನಮ್ಮವರು ನಿವೃತ್ತಿಯ ಹೊಸ್ತಿಲಲ್ಲಿದ್ರು. ವಿವರಣೆ, ಮತ್ತೆ ವಿವರಣೆ, ನಿವೃತ್ತಿ ಸೌಲಭ್ಯಕ್ಕೆ ತಡೆ. ಕೊನೆಗೆ ಬಿಡುಗಡೆ ಆಯ್ತು ಅನ್ನಿ, ಆದರೆ ಅವರು ಅಲೆದಿದ್ದನ್ನ ಶಾಖೆಯಲ್ಲಿ ಎಲ್ಲರೂ ನೋಡಿದ್ವಿ.

ಈಗ ಹೇಳಿ, ಅರ್ಜಿ ವಾಪಸ್ ಕಳಿಸಿದ್ದಕ್ಕೆ ಮೆಮೊ ಬಂದಿದ್ದನ್ನ ಯಾರಾದ್ರೂ ಕಂಡಿದ್ದೀರಾ? ನಾನಂತೂ ಕಂಡಿಲ್ಲ. ಮಂಜೂರು ಮಾಡಿದ್ರೆ ಅಪಾಯ ನನಗೆ, ವಾಪಸ್ ಕಳಿಸಿದ್ರೆ ತೊಂದರೆ ಅರ್ಜಿದಾರನಿಗೆ. ಸಾಹೇಬರು ಸೋಮವಾರ ಕೂಗಾಡ್ತಾರೆ, ಸರಿ. ಆದರೆ ಸೋಮವಾರದ ಕೂಗಾಟ ಮಧ್ಯಾಹ್ನಕ್ಕೆ ಮುಗಿಯುತ್ತೆ. ಆಡಿಟ್ ಪ್ಯಾರಾ ಮುಗಿಯೋಕೆ ವರ್ಷಗಳು ಬೇಕು.

ಗಟ್ಟಿಮಾತು
ಅಯ್ಯೋ ಪಾಪ. ಕೆಲಸ ಕಾಯಂ, ಸಂಬಳ ತಪ್ಪಲ್ಲ, ಭಯ ಬೇರೆ.

ಲೆಕ್ಕದಮ್ಮ
ನಾನು ಲೆಕ್ಕಪರಿಶೋಧನೆಯಲ್ಲಿರುವವಳು, ಹಾಗಾಗಿ ಕಲ್ಲು ನನ್ನ ಕಡೆಗೂ ಬರುತ್ತೆ ಅಂತ ಗೊತ್ತಿದ್ದೇ ಬರೀತಿದ್ದೀನಿ.

@ಕಿಟಕಿಮೂರು ಅವರ ಮಾತು ಸುಳ್ಳಲ್ಲ, ಆದರೆ ಪೂರ್ತಿಯೂ ಅಲ್ಲ. ನಾವು ಕಚೇರಿಗೆ ಹೋದಾಗ ಕೈಗೆ ಸಿಗೋದು ಆದ ಕೆಲಸದ ಕಾಗದ: ಮಂಜೂರಾತಿ ಆದೇಶ, ವೋಚರ್, ಪಾವತಿ. ಆಗದ ಕೆಲಸಕ್ಕೆ ವೋಚರ್ ಇರಲ್ಲ. ಅರ್ಹಳೊಬ್ಬಳಿಗೆ ಎಂಬತ್ತು ದಿನ ಪರವಾನಗಿ ಸಿಗದೆ ಅವಳ ಕೆಲಸ ನಿಂತಿದ್ರೆ ಆ ನಷ್ಟ ನಮ್ಮ ಯಾವ ರಿಜಿಸ್ಟರಿನಲ್ಲೂ ಕೂರಲ್ಲ. ಸಾಧನೆ ಹೇಗಿದೆ ಅಂತ ನೋಡುವ ಪರಿಶೋಧನೆ ಬೇರೆ ಇದೆ, ಅದರಲ್ಲಿ ವಿಳಂಬದ ಬಗ್ಗೆ ಖಾರವಾಗಿಯೇ ಬರೀತೀವಿ. ಆದರೆ ಅಲ್ಲಿ ದೋಷ ‘ಇಲಾಖೆ’ಯ ಮೇಲೆ ಬೀಳುತ್ತೆ, ಮನುಷ್ಯರ ಹೆಸರಿನ ಮೇಲೆ ಅಲ್ಲ. ಮಂಜೂರಿಯ ತಪ್ಪಿಗೆ ಮಾತ್ರ ಹೆಸರು ಸಿಗುತ್ತೆ, ಯಾಕಂದ್ರೆ ಕೆಳಗೆ ಸಹಿ ಇರುತ್ತೆ.

ಹಾಗಂತ ಪರಿಶೋಧನೆ ಕಣ್ಣು ಮುಚ್ಚಿಕೊಳ್ಳಬೇಕಾ? ಇಲ್ಲ. ನಕಲು ಪ್ರತಿಯ ಮೇಲೆ ಮಂಜೂರಾದ ಬೋಗಸ್ ಪ್ರಕರಣಗಳನ್ನೂ ನಾನು ಕಂಡಿದ್ದೀನಿ. ನಮ್ಮವರ ತಪ್ಪು ಎಲ್ಲಿ ಅಂದ್ರೆ, ‘ನಿಯಮ ಮೀರಿದ್ದಾರೆ’ ಮತ್ತು ‘ನಷ್ಟ ಮಾಡಿದ್ದಾರೆ’ ಎರಡನ್ನೂ ಒಂದೇ ದನಿಯಲ್ಲಿ ಬರೀತೀವಿ. ಅದನ್ನ ಓದೋ ಇಲಾಖೆಯ ಮುಖ್ಯಸ್ಥ ಎರಡಕ್ಕೂ ಒಂದೇ ಮೆಮೊ ಕೊಡ್ತಾನೆ.

ಪರೀಕ್ಷಾರ್ಥಿ22
ಸರ್, ಇದಕ್ಕೆ ಪರಿವರ್ತನಾಶೀಲ ನಾಯಕತ್ವ ಬೇಕು ಅಲ್ವಾ? ಇಲ್ಲಿರೋದು ಗುರಿ ಮುಟ್ಟಿದ್ರೆ ಮೆಚ್ಚುಗೆ, ತಪ್ಪಿದ್ರೆ ಬೈಗುಳ ಅನ್ನೋ ಕೊಟ್ಟು ಪಡೆಯುವ ಮಾದರಿ, ಅದಕ್ಕೇ ಹೀಗೆ ಆಗ್ತಿದೆ. ನಾಯಕ ದೂರದೃಷ್ಟಿ ಕೊಟ್ಟು ಪ್ರೇರೇಪಿಸಿದ್ರೆ ಸಿಬ್ಬಂದಿ ಬದಲಾಗ್ತಾರೆ ಅಂತ ನೋಟ್ಸ್‌ನಲ್ಲಿದೆ.

ಕಿಟಕಿಮೂರು
ದೂರದೃಷ್ಟಿಯ ಭಾಷಣ ಸಾಕಷ್ಟು ಕೇಳಿದ್ದೀನಿ ತಮ್ಮಾ. ಭಾಷಣ ಮಾಡಿದವರ ಸಹಿ ಟಿಪ್ಪಣಿ ಹಾಳೆಯಲ್ಲಿ ಇರಲ್ಲ, ನನ್ನದಿರುತ್ತೆ.

ಹೊಸಶಾಖೆ
@ನೀಲಿಶಾಯಿ ಪಟ್ಟಿ ತೆಗೆದೆ. ನೀವು ಹೇಳಿದ ಗುಡ್ಡೆ ಇದೆ, ಚಿಕ್ಕದೇನಲ್ಲ. ಎರಡನೇ ಆಕ್ಷೇಪಣೆಗಳನ್ನ ಇನ್ನೂ ಓದ್ತಿದ್ದೀನಿ. ಒಂದರಲ್ಲಿ ಮೊದಲ ಸಲ ‘ವಿಳಾಸದ ದಾಖಲೆ ಲಗತ್ತಿಸಿ’, ಎರಡನೇ ಸಲ ‘ಅರ್ಜಿಯ ಎರಡನೇ ಪುಟದಲ್ಲಿ ಸಹಿ ಇಲ್ಲ’. ಎರಡನೇ ಪುಟ ಮೊದಲ ಸಲವೂ ಅಲ್ಲೇ ಇತ್ತಲ್ಲ!

ನೀಲಿಶಾಯಿ
ಬಂದೆ. ಇದು ಎಲ್ಲೋ ಒಂದು ಕಡೆಯ ಕತೆಯಲ್ಲ. ತನಿಖೆಯಾಗಿ ದಾಖಲೆಯಲ್ಲಿ ಉಳಿದ ಒಂದು ಪ್ರಕರಣ ಹೇಳ್ತೀನಿ.

ಅಮೆರಿಕದಲ್ಲಿ ಮಾಜಿ ಸೈನಿಕರ ಆಸ್ಪತ್ರೆಗಳನ್ನ ನಡೆಸೋಕೆ ಒಂದು ದೊಡ್ಡ ಇಲಾಖೆಯೇ ಇದೆ. 2009ರಿಂದ ಅದರ ಮುಖ್ಯಸ್ಥ ಎರಿಕ್ ಶಿನ್ಸೆಕಿ, ನಿವೃತ್ತ ಸೇನಾ ಜನರಲ್. ಪ್ರಾಮಾಣಿಕತೆಗೆ ಹೆಸರಾದ ಮನುಷ್ಯ. ವೈದ್ಯರ ಭೇಟಿಗೆ 14 ದಿನದೊಳಗೆ ಸಮಯ ಸಿಗಬೇಕು ಅನ್ನೋ ಗುರಿ ಬಂತು, ಆಸ್ಪತ್ರೆ ಅಧಿಕಾರಿಗಳ ಸಾಧನೆಯ ಮೌಲ್ಯಮಾಪನದಲ್ಲೂ ಅದು ಸೇರಿತು. ವೈದ್ಯರ ಸಂಖ್ಯೆ ಮಾತ್ರ ಆ ಗುರಿಗೆ ಸಾಲುವಷ್ಟು ಇರಲಿಲ್ಲ.

ಈಗ ಕೌಂಟರಿನಲ್ಲಿ ಕೂತ ಗುಮಾಸ್ತ ಏನು ಮಾಡಿದ ನೋಡಿ. ಕಾಯುವ ಅವಧಿಯನ್ನ ರೋಗಿ ‘ಬಯಸಿದ ದಿನ’ದಿಂದ ಭೇಟಿಯ ದಿನದವರೆಗೆ ಎಣಿಸ್ತಿದ್ರು. ಗುಮಾಸ್ತ ಮೊದಲು ಯಾವ ದಿನ ಖಾಲಿ ಇದೆ ಅಂತ ನೋಡ್ತಿದ್ದ. ಅದು ಎರಡು ತಿಂಗಳ ಆಚೆಗಿದ್ರೆ, ಆ ದಿನವನ್ನೇ ‘ಬಯಸಿದ ದಿನ’ ಅಂತ ತುಂಬ್ತಿದ್ದ. ಕಾಯುವ ಅವಧಿ ಸೊನ್ನೆ! ಇನ್ನು ಕೆಲವರ ಹೆಸರನ್ನ ಅಧಿಕೃತ ಪಟ್ಟಿಗೆ ಸೇರಿಸ್ಲೇ ಇಲ್ಲ. ಪಟ್ಟಿಗೆ ಸೇರದವರಿಗೆ ಗಡಿಯಾರವೇ ಓಡಲ್ಲ.

2014ರಲ್ಲಿ ಫೀನಿಕ್ಸ್ ಊರಿನ ಆಸ್ಪತ್ರೆಯಿಂದ ನಿವೃತ್ತರಾದ ವೈದ್ಯರೊಬ್ಬರು ಬಹಿರಂಗವಾಗಿ ಮಾತಾಡಿದ್ರು, ಗಲಾಟೆ ಆಯ್ತು. ಇಲಾಖೆಯ ಒಳ ತನಿಖಾ ಕಚೇರಿ 226 ರೋಗಿಗಳ ದಾಖಲೆಯನ್ನ ಮಾದರಿಯಾಗಿ ತೆಗೆದು ನೋಡಿತು. ಪ್ರಾಥಮಿಕ ಚಿಕಿತ್ಸೆಯ ಮೊದಲ ಭೇಟಿಗೆ ಆಸ್ಪತ್ರೆ ವರದಿ ಮಾಡಿದ್ದ ಸರಾಸರಿ 24 ದಿನ, ನಿಜವಾಗಿ ಆಗಿದ್ದು 115 ದಿನ. ಸುಮಾರು 1,700 ಜನ ಯಾವ ಅಧಿಕೃತ ಕಾಯುವ ಪಟ್ಟಿಯಲ್ಲೂ ಇರಲಿಲ್ಲ. ಮೇ ತಿಂಗಳ ಕೊನೆಗೆ ಶಿನ್ಸೆಕಿ ರಾಜೀನಾಮೆ ಕೊಟ್ರು.

ನನ್ನನ್ನ ಕಾಡೋದು ಇದರಲ್ಲಿನ ಮೋಸ ಅಲ್ಲ. ಇಂಥ ಕಳ್ಳದಾರಿಗಳು ನಡೀತಿವೆ, ನಿಲ್ಲಿಸಿ ಅಂತ ಅದೇ ಇಲಾಖೆಯ ಹಿರಿಯ ಅಧಿಕಾರಿಯೊಬ್ಬರು 2010ರಲ್ಲೇ ಸುತ್ತೋಲೆ ಹೊರಡಿಸಿದ್ರು. ಕಾಯುವ ಅವಧಿಯ ಅಂಕಿಗಳನ್ನ ನಂಬೋಕಾಗಲ್ಲ ಅಂತ ಸಂಸತ್ತಿನ ಪರಿಶೋಧನಾ ಸಂಸ್ಥೆ 2012ರ ಕೊನೆಯಲ್ಲಿ ಬರೆದಿತ್ತು. ಅಂದ್ರೆ ಮಾಹಿತಿ ಕಟ್ಟಡದೊಳಗೇ ಇತ್ತು. ಆದರೆ ಸೋಮವಾರದ ಪರದೆಯಲ್ಲಿ ಇರಲಿಲ್ಲ. ಸೇನೆಯ ಶಿಸ್ತಿನಲ್ಲಿ ಬೆಳೆದವರಿಗೆ ಕೆಳಗಿನಿಂದ ಬಂದ ವರದಿ ನಿಜ ಅಂತ ನಂಬೋದು ಅಭ್ಯಾಸ. ಆ ಇಲಾಖೆಯಲ್ಲಿ ಕೆಳಗಿನವರಿಗೆ ಕೆಟ್ಟ ಸುದ್ದಿ ಮೇಲೆ ಕಳಿಸದೇ ಇರೋದು ಅಭ್ಯಾಸ. ಇವೆರಡೂ ಒಂದೇ ಕಚೇರಿಯಲ್ಲಿ ಸೇರಿದ್ರೆ ಏನಾಗುತ್ತೋ ಅದೇ ಆಯ್ತು.

ಡೇಟಾಗಿರಿ
ನಾನು ಹೇಳಿದ್ದೂ ಅದೇ ತಾನೇ? ‘ಬಯಸಿದ ದಿನ’ವನ್ನ ಗುಮಾಸ್ತ ತುಂಬೋ ಹಾಗೆ ಬಿಟ್ಟಿದ್ದೇ ತಪ್ಪು. ರೋಗಿ ಫೋನ್ ಮಾಡಿದ ಕ್ಷಣದಿಂದ ಯಂತ್ರವೇ ಎಣಿಸಬೇಕಿತ್ತು.

ನೀಲಿಶಾಯಿ
ಅರ್ಧ ಸರಿ. ಗಡಿಯಾರ ಎಲ್ಲಿಂದ ಶುರು ಅನ್ನೋದನ್ನ ಬಿಗಿ ಮಾಡ್ಲೇಬೇಕು, ನಿಮ್ಮ ಸಲಹೆ ತೆಗೆದುಹಾಕುವಂಥದ್ದಲ್ಲ. ಆದರೆ ಬಿಗಿ ಮಾಡಿದ ಕಡೆಯಿಂದ ಒತ್ತಡ ಇನ್ನೊಂದು ಕಡೆಗೆ ಸರಿಯುತ್ತೆ. ಇಂಗ್ಲೆಂಡಿನ ತುರ್ತು ಚಿಕಿತ್ಸಾ ವಿಭಾಗಗಳಿಗೆ ನಾಲ್ಕು ಗಂಟೆಯ ಗುರಿ ಕೊಟ್ಟಿದ್ರು. ಬಂದವರಲ್ಲಿ ನೂರಕ್ಕೆ 98 ಮಂದಿಯನ್ನ ನಾಲ್ಕು ಗಂಟೆಯೊಳಗೆ ನೋಡಿ ಕಳಿಸಬೇಕು ಅಥವಾ ದಾಖಲು ಮಾಡಬೇಕು. ರೋಗಿ ಒಳಗೆ ಬಂದ ಹೊತ್ತಿನಿಂದಲೇ ಎಣಿಕೆ. ಅಲ್ಲೂ ನಾಲ್ಕನೇ ಗಂಟೆಯ ಕೊನೇ ನಿಮಿಷಗಳಲ್ಲಿ ಗುಡ್ಡೆ ಬಿತ್ತು. ರೋಗಿಗಳನ್ನ ಬಾಗಿಲ ಹೊರಗೆ ಆಂಬುಲೆನ್ಸಿನಲ್ಲೇ ಕಾಯಿಸ್ತಾರೆ ಅನ್ನೋ ದೂರುಗಳೂ ಬಂದವು, ಯಾಕಂದ್ರೆ ಒಳಗೆ ಬಂದ ಮೇಲೇ ಎಣಿಕೆ.

ಕಿಟಕಿಮೂರು
ನಿಮ್ಮ ಎರಡನೇ ಬಟನ್ ಮಾಯ ಮಾಡಿದ್ರೆ ನಾವೇನು ಮಾಡ್ತೀವಿ ಕೇಳಿ @ಡೇಟಾಗಿರಿ. ನೇರವಾಗಿ ತಿರಸ್ಕರಿಸ್ತೀವಿ. ಇಲ್ಲಾಂದ್ರೆ ಅರ್ಜಿದಾರರಿಗೆ ಫೋನ್ ಮಾಡಿ ‘ನೀವೇ ಹಿಂಪಡೆದುಕೊಂಡು ಹೊಸದಾಗಿ ಹಾಕಿ, ಬೇಗ ಆಗುತ್ತೆ’ ಅಂತೀವಿ. ಅದೂ ಬೇಡ ಅಂದ್ರೆ ಅರ್ಜಿಯನ್ನ ನೋಂದಾಯಿಸದೆ ‘ಮೊದಲು ತೋರಿಸಿ, ಸರಿ ಇದೆಯಾ ನೋಡ್ತೀನಿ’ ಅಂತ ಡ್ರಾಯರಿನಲ್ಲಿ ಇಟ್ಕೋತೀವಿ. ಹೆಮ್ಮೆಯಿಂದ ಹೇಳ್ತಿಲ್ಲ.

ಡೇಟಾಗಿರಿ
ಇಷ್ಟು ಬುದ್ಧಿ ಕೆಲಸಕ್ಕೆ ಹಾಕಿದ್ರೆ!

ಅನುಭವಿ_ಆಚೆದಡ
ಒಂದು ತಿದ್ದುಪಡಿ. ಇಲ್ಲಿ ಎಲ್ಲರೂ ಗುರಿ, ಗಡುವು ಅಂದ್ರೆ ಮೋಸ ಅನ್ನೋ ಹಾಗೆ ಬರೀತಿದ್ದೀರಿ. ಇಂಗ್ಲೆಂಡಿನ ಆ ನಾಲ್ಕು ಗಂಟೆಯ ಗುರಿಯಿಂದ ಕಾಯುವ ಸಮಯ ನಿಜವಾಗಿಯೂ ಇಳಿಯಿತು. ಸಾವುಗಳೂ ಕಡಿಮೆಯಾದವು ಅಂತ ಅರ್ಥಶಾಸ್ತ್ರಜ್ಞರು ತೋರಿಸಿದ್ದಾರೆ. ಕೊನೇ ನಿಮಿಷದ ಗುಡ್ಡೆಯಲ್ಲಿ ಎಲ್ಲವೂ ನಾಟಕ ಅಲ್ಲ. ಗಡುವು ಇಲ್ಲದಿದ್ರೆ ಆ ರೋಗಿ ಇನ್ನೂ ಹೆಚ್ಚು ಹೊತ್ತು ಕಾಯ್ತಿದ್ದ. ಹೊಸಶಾಖೆಯವರ ಕಚೇರಿಯಲ್ಲೂ ಗಡುವಿಗೆ ಮುಂಚೆ ಎಷ್ಟು ದಿನ ಆಗ್ತಿತ್ತು ಅಂತ ಯಾರೂ ಕೇಳ್ಲೇ ಇಲ್ಲ!

ಹೊಸಶಾಖೆ
ನ್ಯಾಯವಾದ ಪ್ರಶ್ನೆ. ಮುಂಚೆ ಕೆಲವು ಅರ್ಜಿ ವರ್ಷಗಟ್ಟಲೆ ಬಿದ್ದಿರ್ತಿದ್ವು, ಅಂಥವು ಈಗ ಇಲ್ಲ. ಸುಲಭದ ಅರ್ಜಿಗಳು ಖಂಡಿತ ಬೇಗ ಆಗ್ತಿವೆ. ತೊಂದರೆ ಇರೋದು ಸ್ವಲ್ಪ ಯೋಚನೆ ಬೇಡುವ ಅರ್ಜಿಗಳಲ್ಲಿ. ಬಾಡಿಗೆ ಜಾಗದವರು, ಹೆಸರು ಬದಲಾದವರು, ಹಳೇ ದಾಖಲೆ ಕಳ್ಕೊಂಡವರು, ಇಂಥವರದ್ದೇ ಸುತ್ತಾಟ.

ಗಟ್ಟಿಮಾತು
ಎಲ್ಲ ಓದಿದೆ. ನನ್ನ ಮಾತು ಬದಲಾಗಲ್ಲ. ಜಾರ್ಜಿಯಾ ದೇಶದಲ್ಲಿ 2004ರಲ್ಲಿ ಲಂಚಕೋರ ಸಂಚಾರ ಪೊಲೀಸರನ್ನ ಸಾವಿರಾರು ಸಂಖ್ಯೆಯಲ್ಲಿ ಒಟ್ಟಿಗೇ ಮನೆಗೆ ಕಳಿಸಿದ್ರು. ಹೊಸಬರನ್ನ ತಗೊಂಡು ಒಳ್ಳೇ ಸಂಬಳ ಕೊಟ್ರು. ರಸ್ತೆಯ ಲಂಚ ಹೆಚ್ಚುಕಡಿಮೆ ನಿಂತಿತು. ಸಂಸ್ಕೃತಿ ಸಂಸ್ಕೃತಿ ಅಂತ ಕೂತಿದ್ರೆ ಆಗ್ತಿತ್ತಾ?

ನೀಲಿಶಾಯಿ
ಆಗಿದ್ದು ನಿಜ, ನಾನೂ ಅದನ್ನ ಮೆಚ್ತೀನಿ. ಆದರೆ ಅದರ ಹಿಂದಿನ ವರ್ಷ ಅಲ್ಲಿ ಜನಾಂದೋಲನ ನಡೆದು ಸರ್ಕಾರವೇ ಉರುಳಿತ್ತು, ವಿರೋಧಿಸುವ ಬಲ ಯಾರಿಗೂ ಉಳಿದಿರಲಿಲ್ಲ. ಆ ಕೆಲಸದ ಬಗೆಯೂ ಬೇರೆ. ರಸ್ತೆಯಲ್ಲಿ ಕೆಲವು ದಿನ ಸಂಚಾರ ಪೊಲೀಸ್ ಇಲ್ಲದಿದ್ರೆ ವಾಹನಗಳು ಹೇಗೋ ಓಡ್ತವೆ. ಪರವಾನಗಿ ಕಚೇರಿಯನ್ನ ಖಾಲಿ ಮಾಡಿದ್ರೆ ಯಾವ ಕಡತ ಎಲ್ಲಿದೆ, ಯಾವ ಆದೇಶ ಯಾವುದನ್ನ ರದ್ದು ಮಾಡಿದೆ ಅನ್ನೋದು ಅವರ ಜತೆಗೇ ಹೋಗುತ್ತೆ. ಇನ್ನೊಂದು ಮಾತು: ಅದೇ ಸರ್ಕಾರದ ಕಾಲದಲ್ಲೇ 2012ರಲ್ಲಿ ಅಲ್ಲಿನ ಜೈಲೊಂದರಲ್ಲಿ ಕೈದಿಗಳಿಗೆ ಕೊಡ್ತಿದ್ದ ಹಿಂಸೆಯ ವಿಡಿಯೊಗಳು ಹೊರಬಂದವು. ಭಯದಿಂದ ಲಂಚ ನಿಲ್ಲಿಸಬಹುದು. ಭಯ ಇರುವ ಕಡೆ ಬೇರೆ ಏನೇನು ಮುಚ್ಚಿಟ್ಟಿದ್ದಾರೆ ಅನ್ನೋದು ಮಾತ್ರ ತಡವಾಗಿ ಗೊತ್ತಾಗುತ್ತೆ.

ಗಟ್ಟಿಮಾತು
ಜೈಲಿಗೂ ಸಂಚಾರ ಪೊಲೀಸಿಗೂ ಏನು ಸಂಬಂಧ? ಬೇಕಾದ ಕಡೆಗೆ ಎಳೀತಿದ್ದೀರಿ.

ನೀಲಿಶಾಯಿ
ನೇರ ಸಂಬಂಧ ಇಲ್ಲ, ಒಪ್ತೀನಿ. ಹೋಗ್ಲಿ, ನಾನೇ ಕಂಡ ಇಬ್ಬರು ಮುಖ್ಯಸ್ಥರ ಬಗ್ಗೆ ಹೇಳ್ತೀನಿ, ಆಗ ನಾನು ಯಾವುದನ್ನ ನಾಯಕತ್ವ ಅಂತೀನೋ ಗೊತ್ತಾಗಬಹುದು.

ಒಂದು ಕಚೇರಿಗೆ ಬಂದ ಮಹಿಳಾ ಅಧಿಕಾರಿಯೊಬ್ಬರು ಪರಿಶೀಲನಾ ಸಭೆಯ ಸ್ವರೂಪವನ್ನೇ ಬದಲಿಸಿದ್ರು. ಬಾಕಿ ಎಷ್ಟು ಅಂತ ಕೇಳ್ತಿರಲಿಲ್ಲ. ಹಿಂದಿರುಗಿಸಿದ ಕಡತಗಳಲ್ಲಿ ಕೆಲವನ್ನ ಕಣ್ಣು ಮುಚ್ಚಿ ಎತ್ತಿಕೊಂಡು, ಬರೆದವರನ್ನ ಪಕ್ಕ ಕೂರಿಸಿಕೊಂಡು ‘ಇದನ್ನ ಮಂಜೂರು ಮಾಡಿದ್ರೆ ನಿಮಗೆ ಏನಾಗ್ತಿತ್ತು?’ ಅಂತ ಕೇಳ್ತಿದ್ರು. ಮೊದಮೊದಲು ಎಲ್ಲರೂ ನಿಯಮದ ಸಂಖ್ಯೆ ಹೇಳಿ ಜಾರಿಕೊಂಡ್ರು. ಅವರು ಬಿಡಲಿಲ್ಲ, ಬೈಯಲೂ ಇಲ್ಲ. ನಿಧಾನವಾಗಿ ನಿಜ ಹೊರಬಂತು. ದೃಢೀಕೃತ ಪ್ರತಿ ಬೇಡ ಅಂತ ಆದೇಶ ಯಾವತ್ತೋ ಆಗಿತ್ತು, ಆದರೆ ಪರಿಶೋಧನೆಯವರ ಪರಿಶೀಲನಾ ಪಟ್ಟಿಯಲ್ಲಿ ಅದು ಇನ್ನೂ ಇತ್ತು. ಹಾಗಾಗಿ ಗುಮಾಸ್ತರು ಕೇಳ್ತಾನೇ ಇದ್ರು. ಆ ಅಧಿಕಾರಿ ಪರಿಶೋಧನೆಯವರ ಜತೆ ಕೂತು ಅದನ್ನ ಲಿಖಿತವಾಗಿ ತೆಗೆಸಿದ್ರು. ಆಮೇಲೆ ‘ಇಷ್ಟು ದಾಖಲೆ ಇದ್ದಲ್ಲಿ ಮಂಜೂರು ಮಾಡತಕ್ಕದ್ದು, ಮುಂದೆ ಪ್ರಶ್ನೆ ಬಂದರೆ ನಿರ್ಧಾರ ನನ್ನದು’ ಅಂತ ತಮ್ಮ ಸಹಿಯಲ್ಲಿ ಆದೇಶ ಮಾಡಿದ್ರು. ಆಕ್ಷೇಪಣೆ ಇದ್ರೆ ಎಲ್ಲವನ್ನೂ ಒಂದೇ ಸಲ ಎತ್ತಬೇಕು, ಮರುಸಲ್ಲಿಕೆಗೆ ಹಳೇ ಸಂಖ್ಯೆಯೇ ಇರಬೇಕು ಅಂತಾನೂ ಸೇರಿಸಿದ್ರು. ಹಿಂದಿರುಗಿಸೋದು ಕಣ್ಣಿಗೆ ಕಾಣುವಷ್ಟು ಕಡಿಮೆಯಾಯ್ತು, ಅದೂ ಅದೇ ಹಳೇ ಸಿಬ್ಬಂದಿಯಿಂದ.

ಆಮೇಲೆ ಅವರಿಗೆ ವರ್ಗಾವಣೆ ಆಯ್ತು. ಬಂದವರೂ ಒಳ್ಳೆಯವರೇ. ಆದೇಶಗಳು ಹಾಗೇ ಇದ್ವು, ಒಂದನ್ನೂ ರದ್ದು ಮಾಡಲಿಲ್ಲ. ಒಂದು ದಿನ ಒಂದು ಮಂಜೂರಾತಿಯಲ್ಲಿ ತಪ್ಪಾಗಿದ್ದು ಬೆಳಕಿಗೆ ಬಂತು. ಹೊಸಬರು ಶಾಖೆಗೆ ಬಂದು ಎಲ್ಲರ ಎದುರು ಕೇಳಿದ್ದು ಒಂದೇ ಪ್ರಶ್ನೆ: ‘ಇದನ್ನ ಮಂಜೂರು ಮಾಡು ಅಂತ ನಿನಗೆ ಹೇಳಿದ್ಯಾರು?’ ಅಷ್ಟೇ. ಮೆಮೊ ಕೂಡ ಕೊಡಲಿಲ್ಲ. ಆ ವಾರದಿಂದಲೇ ದೃಢೀಕೃತ ಪ್ರತಿ ಮತ್ತೆ ಶುರುವಾಯ್ತು. ಸುಧಾರಣೆ ವಿರೋಧದಿಂದ ನಿಂತಿತು ಅಂತ ಯಾವ ವರದಿಯಲ್ಲೂ ಬರಲ್ಲ, ಯಾಕಂದ್ರೆ ಯಾರೂ ವಿರೋಧಿಸಲಿಲ್ಲ.

ಲೆಕ್ಕದಮ್ಮ
ನಮ್ಮ ಪಟ್ಟಿಯಿಂದ ತೆಗೆಸಿದ್ರು ಅಂದ್ರಲ್ಲ, ಅದು ಬಲು ಅಪರೂಪ. ಸಾಮಾನ್ಯವಾಗಿ ಇಲಾಖೆ ನಿಯಮ ಬದಲಿಸುತ್ತೆ, ನಮಗೆ ಪ್ರತಿ ಕಳಿಸಲ್ಲ. ನಮ್ಮವರು ಹಳೇ ಪಟ್ಟಿ ಹಿಡಿದು ಹೋಗ್ತಾರೆ. @ಹೊಸಶಾಖೆ ಬೇರೇನೂ ಆಗದಿದ್ರೂ ಇದೊಂದನ್ನ ಪರೀಕ್ಷಿಸಿ: ನೀವು ಎತ್ತುವ ಆಕ್ಷೇಪಣೆಗಳಲ್ಲಿ ಎಷ್ಟು ಈಗಿನ ನಿಯಮದಲ್ಲಿವೆ, ಎಷ್ಟು ಹಳೇ ಪ್ಯಾರಾಗಳ ಭಯದಿಂದ ಬಂದವು.

ಅನುಭವಿ_ಆಚೆದಡ
ಒಂದು ಅನುಮಾನ. ‘ನಿರ್ಧಾರ ನನ್ನದು’ ಅಂತ ಬರೆದುಕೊಟ್ರೆ ಕಾನೂನಿನಲ್ಲಿ ಅದಕ್ಕೆ ಬೆಲೆ ಎಷ್ಟು? ಟಿಪ್ಪಣಿ ಬರೆದವನಿಗೂ ಹೊಣೆ ಇರುತ್ತೆ. ನಾಳೆ ಕ್ರಿಮಿನಲ್ ತನಿಖೆ ಬಂದ್ರೆ ಆ ಆದೇಶ ಅವನನ್ನ ಪೂರ್ತಿ ಕಾಪಾಡಲ್ಲ. ಆ ಮೇಡಂ ಭರವಸೆ ಕೊಟ್ರು, ಆದರೆ ತಮ್ಮಿಂದಾಗುವುದಕ್ಕಿಂತ ಹೆಚ್ಚಿನ ಭರವಸೆ ಕೊಟ್ರು.

ಕಿಟಕಿಮೂರು
ಪೂರ್ತಿ ಕಾಪಾಡಲ್ಲ ಅಂತ ನಮಗೂ ಗೊತ್ತು. ಆದರೆ ಕರೆದಾಗ ಪಕ್ಕದಲ್ಲಿ ಇನ್ನೊಬ್ಬರ ಹೆಸರೂ ಇರುತ್ತಲ್ಲ, ಅದೇ ದೊಡ್ಡದು.

ಪರೀಕ್ಷಾರ್ಥಿ22
ಹಾಗಾದ್ರೆ ವರ್ಗಾವಣೆ ನಿಲ್ಲಿಸಿ ಮುಖ್ಯಸ್ಥರನ್ನ ಐದು ವರ್ಷ ಇಟ್ರೆ ಸರಿ ಹೋಗುತ್ತಾ?

ನೀಲಿಶಾಯಿ
ಒಳ್ಳೆಯವರು ಐದು ವರ್ಷ ಇದ್ರೆ ಚೆನ್ನ. ಕೂಗಾಡುವವರು ಐದು ವರ್ಷ ಇದ್ರೆ? ಶಿನ್ಸೆಕಿ ಐದು ವರ್ಷಕ್ಕಿಂತ ಹೆಚ್ಚೇ ಇದ್ರು ಅನ್ನೋದನ್ನ ಮರೀಬೇಡಿ.

ಹೊಸಶಾಖೆ
ಸಾಹೇಬರ ಹತ್ತಿರ ಹೋಗೋದು ಅಂತ ತೀರ್ಮಾನಿಸಿದ್ದೀನಿ. ಆದರೆ ಗುಡ್ಡೆಯ ಪಟ್ಟಿ ತಗೊಂಡು ಹೋದ್ರೆ ಅವರು ಮೊದಲು ಕೇಳೋದು ‘ಯಾರ್ಯಾರು?’ ಅಂತ. ಹೆಸರು ಕೊಟ್ಟ ತಕ್ಷಣ ನಮ್ಮ ಶಾಖೆಯಲ್ಲಿ ನಾನು ಮುಗಿದೆ, ಕಾರಣವೂ ಹೊರಗೆ ಬರಲ್ಲ.

ನೀಲಿಶಾಯಿ
ಪಟ್ಟಿ ಬೇಡ. ಒಬ್ಬ ಅರ್ಜಿದಾರನ ಮೂರೂ ಅರ್ಜಿಗಳ ಕಡತ ಒಟ್ಟಿಗೆ ಕಟ್ಟಿಕೊಂಡು ಹೋಗಿ. ಬೇರೆ ಬೇರೆ ಕೈಗಳಲ್ಲಿ ಹೋದದ್ದನ್ನೇ ಆರಿಸಿ, ಆಗ ಒಬ್ಬರ ಹೆಸರಿಗೆ ಅಂಟಿಕೊಳ್ಳಲ್ಲ. ಮೊದಲ ದಿನಾಂಕ, ಕೊನೆ ದಿನಾಂಕ ತೋರಿಸಿ. ಮುಖಾಮುಖಿ ಹೇಳಿ, ಸೋಮವಾರದ ಸಭೆಯಲ್ಲಿ ಬೇಡ. ಕೇಳಬೇಕಾದದ್ದು ಒಂದೇ: ಮರುಸಲ್ಲಿಕೆಗೆ ಹಳೇ ಸಂಖ್ಯೆಯನ್ನೇ ಮುಂದುವರಿಸಲು ಅನುಮತಿ.

ಕಿಟಕಿಮೂರು
ಅದು ಆದ ದಿನ ಪರದೆಯ ಅರ್ಧ ಕೆಂಪಾಗುತ್ತೆ. ಮೆಚ್ಚುಗೆ ಪತ್ರ ಪಡೆದವರು ಅದಕ್ಕೆ ಸಹಿ ಹಾಕ್ತಾರೆ ಅಂತೀರಾ?

ಹೊಸಶಾಖೆ
ಅದೇ ನನ್ನ ಚಿಂತೆ ಕೂಡ. ಮೇಲಿನವರಿಗೆ ಈಗಾಗ್ಲೇ ಸೊನ್ನೆ ಬಾಕಿ ಅಂತ ವರದಿ ಹೋಗಿದೆ.

ಗಟ್ಟಿಮಾತು
ಸಹಿ ಹಾಕದಿದ್ರೆ ನಾನು ಹೇಳಿದ್ದೇ ಸರಿ, ಹಾಕಿದ್ರೆ ಬಂದು ಹೇಳಿ.

ಪಿಂಚಣಿಅಲೆದಾಟ
ಬೇರೆ ವಿಭಾಗದಲ್ಲಿ ಕೇಳಿದೆ. ‘ಪ್ರಶ್ನೆಯಲ್ಲಿ ವಿವರ ಸಾಲದು, ಹೊಸದಾಗಿ ಪೋಸ್ಟ್ ಮಾಡಿ’ ಅಂತ ಮುಚ್ಚಿಬಿಟ್ರು.